ಗಂಟೆ, ಜಾಗಟೆ, ತಾಳ, ಕಂಜಿರ: ಬೆರಳಿಟ್ಟು ಗುರುತು ಹಿಡಿಯೋದು

ನಮಸ್ಕಾರ. ಮೈಸೂರು ಪೇಟೆಯ ಒಂದು ಪಾತ್ರೆ ಅಂಗಡಿ ಒಳಗಿದ್ದೀವಿ. ತಲೆ ಮೇಲೆ ಸಾಲಾಗಿ ನೇತಾಡ್ತಿರೋದು ಕಾಣ್ತಿದೆಯಲ್ವಾ, ಅಷ್ಟನ್ನೂ ಇಲ್ಲಿ 'ಪೂಜೆ ಐಟಂ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ಅದರಲ್ಲಿ ಯಾವುದು ಏನು ಅಂತ ಬೇರೆ ಮಾಡೋಕೆ ಒಂದು ಬೆರಳು ಸಾಕು.

ಮೊದಲು ಗಂಟೆ. ಕೊಕ್ಕೆಯಿಂದ ನೇತಾಡ್ತಿರಲಿ, ಒಂದು ಸಲ ಹೊಡೀರಿ. ಇನ್ನೂ ನಾದ ಬರ್ತಿರೋವಾಗಲೇ ನೆತ್ತಿ ಮೇಲೆ ಬೆರಳಿಡಿ. ಏನೂ ಆಗಲ್ಲ. ಈಗ ಕೆಳಗಡೆ ಬಾಯಿ ಅಂಚಿಗೆ ಬೆರಳು ತಾಗಿಸಿ. ಸತ್ತೇ ಹೋಯ್ತು. ಗಂಟೆಯಲ್ಲಿ ನಡುಕ ಇರೋದು ಅಂಚಲ್ಲಿ, ನೆತ್ತಿ ಹೆಚ್ಚುಕಮ್ಮಿ ಸುಮ್ಮನಿರುತ್ತೆ. ಅದಕ್ಕೇ ನೆತ್ತಿಯಿಂದ ನೇತುಹಾಕೋದು.

ಜಾಗಟೆ ಇದಕ್ಕೆ ಪೂರ್ತಿ ಉಲ್ಟಾ. ಅಂಚು ಮಡಚಿದ ತಟ್ಟೆ, ಆ ಅಂಚಲ್ಲಿ ಎರಡು ತೂತು, ತೂತಿಗೆ ದಾರ, ಹೊಡೆಯೋಕೆ ಮರದ ಕೋಲು. ಶಂಖದ ಜೊತೆ ದಾಸಯ್ಯನವರ ಕೈಯಲ್ಲಿ ನೋಡಿರ್ತೀರಿ. ಅಂಚು ಮಡಚಿರೋದ್ರಿಂದ ಅಲ್ಲಿ ಬಿಗಿ ಜಾಸ್ತಿ, ಅದುರೋದು ನಡು ಭಾಗ. ನಡುವೆ ಬೆರಳಿಟ್ಟರೆ ದನಿ ನಿಂತುಹೋಗುತ್ತೆ, ಅಂಚಿನ ಮೇಲಿಟ್ಟರೆ ಅಷ್ಟಾಗಿ ಕುಗ್ಗಲ್ಲ. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಸಾಕ್ಸ್ ಅಂತ ಇಬ್ಬರು ವಾದ್ಯಗಳನ್ನ ವಿಂಗಡಿಸಿದಾಗ ಗಂಟೆನೂ ಜಾಗಟೆನೂ ಬೇರೆ ಮಾಡಿದ್ದು ಇದೇ ಲೆಕ್ಕದ ಮೇಲೆ. ಆಕಾರ ನೋಡಿ ಹೇಳೋಕಿಂತ ಇದೇ ಗಟ್ಟಿ ಗುರುತು. ಹಳೇ ಜಾಗಟೆಯಲ್ಲಿ ದಾರದ ತೂತು ಹರಿದಿದ್ರೆ ನಡುವೆ ಹೊಸ ತೂತು ಕೊರೆಸಬೇಡಿ. ಅದುರಬೇಕಾದ ಜಾಗಕ್ಕೇ ದಾರ ಕಟ್ಟಿದಂಗಾಗುತ್ತೆ. ಅಂಚಲ್ಲೇ ಎರಡು ಬೆರಳು ಪಕ್ಕಕ್ಕೆ ಕೊರೆಸಿ.

ಅಂಗಡಿಯವರು ಊಟದ ಕಂಚಿನ ತಟ್ಟೆ ತೋರಿಸ್ತಾವ್ರೆ, ಅದೂ ಚೆನ್ನಾಗಿ ಮೊಳಗುತ್ತೆ ನೋಡಿ. ಕಂಚಿನ ತಟ್ಟೆಗೆ ಕಲಾಯಿ ಬೇಡ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಅಡುಗೆ ಮಾಡೋದಾದ್ರೆ ಬೇಕೇ ಬೇಕು. ಈಗ ಕಲಾಯಿ ಹಾಕೋರು ಬೀದೀಲಿ ಕೂಗಿಕೊಂಡು ಬರೋದೇ ಕಮ್ಮಿಯಾಗಿದೆ, ಹುಡುಕ್ಕೊಂಡು ಹೋಗಬೇಕು... ಸರಿ ಸರಿ, ತಕ್ಕಡಿ ಮೇಲೆ ಗಂಟೆ ಇಟ್ರು, ಇಲ್ಲಿ ನೋಡಿ.

ಇದೇ ನನಗೆ ಸಿಟ್ಟು ಬರೋ ಜಾಗ. ತೂಕ 1 ಕೆಜಿ 450 ಗ್ರಾಂ, ಅಷ್ಟಕ್ಕೂ ಕಂಚಿನ ರೇಟು. ಒಳಗಿರೋ ನಾಲಿಗೆಗೆ ಆಯಸ್ಕಾಂತ ಹಿಡಿದ್ರೆ ಟಕ್ ಅಂತ ಅಂಟ್ಕೊಳ್ತು. ಮೇಲಿನ ಕೊಕ್ಕೆನೂ ಅಂಟ್ಕೊಳ್ತು. ಎರಡೂ ಕಬ್ಬಿಣ. ಬಿಚ್ಚಿಸಿ ಮತ್ತೆ ತೂಗಿಸಿದ್ರೆ 1 ಕೆಜಿ 180. ಅಂದ್ರೆ 270 ಗ್ರಾಂ ಕಬ್ಬಿಣಕ್ಕೆ ಕಂಚಿನ ದುಡ್ಡು! ಹೆಚ್ಚುಕಮ್ಮಿ ಐದರಲ್ಲೊಂದು ಪಾಲು. ಕೇಳಿದ್ರೆ 'ಎಲ್ಲಾ ಕಡೆ ಹಿಂಗೇ ಕಣಣ್ಣ' ಅಂತಾರೆ. ಎಲ್ಲಾ ಕಡೆ ಹಂಗೇ ಇದ್ರೂ ತಪ್ಪು ತಪ್ಪೇ. ನಾಲಿಗೆ ಬಿಚ್ಚಿಸಿ ತೂಗಿಸಿ, ಅದಕ್ಕೆ ಬೇರೆ ರೇಟು ಹಾಕಿಸಿ. ನಾಲಿಗೆ ಕಬ್ಬಿಣದ್ದಾಗಿರೋದು ಮಾತ್ರ ದೋಷ ಅಲ್ಲ, ಮೆತು ಕಬ್ಬಿಣ ಆದ್ರೆ ಒಳ್ಳೇದೇ. ಗಂಟೆಗಿಂತ ಗಟ್ಟಿಯಾದ ಉಕ್ಕು ಹಾಕಿದ್ರೆ ಏಟು ಬಿದ್ದ ಜಾಗ ಸವೆಯುತ್ತೆ. ನಾಲಿಗೆಯ ಗುಂಡು ಬಾಯಿ ಹತ್ತಿರದ ದಪ್ಪ ಪಟ್ಟಿಗೆ ಬಡೀಬೇಕು. ಸರಪಳಿ ಗಿಡ್ಡ ಆಗಿ ಗುಂಡು ಸೊಂಟದ ತೆಳು ಭಾಗಕ್ಕೆ ಬಡಿದ್ರೆ ಸ್ವರ ಪೇಲವ. ಅದಕ್ಕೆ ಗಂಟೆನ ದೂರಬೇಡಿ, ಒಂದು ಕೊಂಡಿ ಸೇರಿಸಿ.

ಕಂಚೋ ಹಿತ್ತಾಳೆಯೋ ಅನ್ನೋದಕ್ಕೆ ಆಯಸ್ಕಾಂತ ಕೆಲಸಕ್ಕೆ ಬರಲ್ಲ, ಎರಡಕ್ಕೂ ಅಂಟಲ್ಲ. ಗಂಟೆ ಕಂಚು ಅಂದ್ರೆ ನೂರಕ್ಕೆ 78ರ ಆಸುಪಾಸು ತಾಮ್ರ, ಮಿಕ್ಕಿದ್ದು ತವರ. ಹಿತ್ತಾಳೆ ಅಂದ್ರೆ ತಾಮ್ರ, ಸತು. ಮೇಲೆ ಪಾಲಿಶ್ ಇರುತ್ತೆ, ಅದನ್ನ ನಂಬಬೇಡಿ. ಒಳಮೈಯಲ್ಲಿ ಮೊಳೆಯಿಂದ ಸಣ್ಣಗೆ ಒಂದು ಗೀರು ಹಾಕಿಸಿ. ನಿಂಬೆಹಣ್ಣಿನ ಹಳದಿ ಕಂಡ್ರೆ ಹಿತ್ತಾಳೆ, ಮಾಸಲು ಬೂದು ಬೆರೆತ ಹೊನ್ನಿನ ಬಣ್ಣ ಕಂಡ್ರೆ ಕಂಚು. ಕಂಚಿನ ನಾದ ತುಂಬಾ ಹೊತ್ತು ನಿಲ್ಲುತ್ತೆ. ಅದೇ ತವರ ಅದನ್ನ ಪೆಡಸಾಗಿಯೂ ಮಾಡುತ್ತೆ. ಕೈತಪ್ಪಿ ಕಲ್ಲಿನ ಮೇಲೆ ಬಿದ್ರೆ ಹಿತ್ತಾಳೆ ತಗ್ಗಾಗುತ್ತೆ, ಕಂಚು ಸೀಳುತ್ತೆ.

ಸೀಳಿದ್ದು ಗೊತ್ತಾಗೋದು ಹೆಂಗೆ? 'ಜರ್ರ್' ಅಂತ ಒಡಕು ದನಿ ಬರುತ್ತೆ. ಆದ್ರೆ 'ಞೂಂ... ಞೂಂ...' ಅಂತ ನಿಧಾನವಾಗಿ ತೇಲಾಡೋ ನಾದ ಬೇರೆ. ಕೇಳಿ ಇದನ್ನ. ಇದು ಬಿರುಕಲ್ಲ. ಎರಕದಲ್ಲಿ ಒಂದು ಕಡೆ ಚೂರು ದಪ್ಪ, ಒಂದು ಕಡೆ ತೆಳು ಆದ್ರೆ ಹತ್ತತ್ತಿರದ ಎರಡು ಸ್ವರ ಒಟ್ಟಿಗೆ ಹುಟ್ಟಿ ಹಿಂಗೆ ಅಲೆ ಬರುತ್ತೆ. ಕೆಲವರಿಗೆ ಅದೇ ಇಷ್ಟ. ಅನುಮಾನ ಇದ್ರೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ರೆ ಒಳಗೆ ಇಳಿದ ಎಣ್ಣೆ ಹೊರಗೆ ಬಂದು ಗೆರೆ ಮೂಡುತ್ತೆ. ಬೆಸುಗೆ ಹಾಕಿಸ್ತೀನಿ ಅನ್ನಬೇಡಿ, ಬಿಸಿಗೆ ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡಬಹುದು. ಕರಗಿಸಿ ಮತ್ತೆ ಎರಕ ಹೊಯ್ಸೋದೇ ಸರಿ.

ಈಗ ತಾಳ. ಜೋಡಿ ಬಟ್ಟಲು, ನಡುವಿನ ಉಬ್ಬಿಗೆ ದಾರ. ಹಿಡಿಯೋದು ನಡುವಲ್ಲಿ, ನಡುಗೋದು ಅಂಚು, ಅಷ್ಟರ ಮಟ್ಟಿಗೆ ಗಂಟೆ ಥರವೇ. ವ್ಯತ್ಯಾಸ ಏನಂದ್ರೆ ಇಲ್ಲಿ ಕೋಲೂ ಇಲ್ಲ, ನಾಲಿಗೆಯೂ ಇಲ್ಲ, ಒಂದಕ್ಕೊಂದು ಬಡಿದ್ರೇ ದನಿ. ಹೊಸಬರು ಬಾಯಿಗೆ ಬಾಯಿ ಸರಿಯಾಗಿ ಕೂರೋ ಹಂಗೆ ಬಡೀತಾರೆ. ಒಳಗಿನ ಗಾಳಿ ಸಿಕ್ಕಿಬಿದ್ದು 'ಪಟ್' ಅಂತ ಸದ್ದು ಸಾಯುತ್ತೆ. ಒಂದರ ಅಂಚು ಇನ್ನೊಂದರ ಅಂಚಿಗಿಂತ ಅರ್ಧ ಬೆರಳು ಜಾರಿರಲಿ.

ನಮ್ಮ ಕಡೆಯ ಕಂಸಾಳೆನೂ ಇದೇ ಮನೆಯದು. ಮಹದೇಶ್ವರನ ದೇವರಗುಡ್ಡರು ಹಿಡಿಯೋದು. ಆದ್ರೆ ಜೋಡಿ ಒಂದೇ ಥರ ಇರಲ್ಲ. ಎಡಗೈಲಿ ಬಟ್ಟಲು, ಬಲಗೈಲಿ ಕುಚ್ಚು ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಚಪ್ಪಟೆಯದನ್ನ ದಾರದ ಮೇಲೆ ಬೀಸಿ ತಂದು ಬಟ್ಟಲಿಗೆ ಬಡೀತಾರೆ. ಹಾಗಾಗಿ ಕೊಳ್ಳೋವಾಗ ಮೊದಲು ನೋಡಬೇಕಾದ್ದು ಲೋಹ ಅಲ್ಲ, ದಾರ. ತೂತಿನ ಅಂಚು ಚೂಪಾಗಿದ್ರೆ ದಾರ ಕೊಯ್ದು, ಬೀಸೋವಾಗ ತಾಳ ಹಾರಿ ಎದುರಿಗಿದ್ದವರ ಮೇಲೇ ಬೀಳುತ್ತೆ. ತೂತನ್ನ ಅರದಿಂದ ಉಜ್ಜಿ ನುಣ್ಣಗೆ ಮಾಡಿಸಿ.

ಕಂಜಿರ ಈ ಸಾಲಲ್ಲಿ ಯಾಕೆ ನೇತುಹಾಕಿದ್ದಾರೋ! ಬಳೆಯಲ್ಲಿ ಬಿಲ್ಲೆ ಗಿಲ್ ಅನ್ನೋದಕ್ಕೆ ಇರಬೇಕು. ಬಿಲ್ಲೆಗಳನ್ನ ಬೆರಳಿಂದ ಒತ್ತಿ ಹಿಡಿದು ಬಡೀರಿ, ವಾದ್ಯ ಇನ್ನೂ ಮಾತಾಡುತ್ತೆ. ಅಂದ್ರೆ ಇದು ಚರ್ಮವಾದ್ಯ, ಬಿಲ್ಲೆ ಬರೀ ಜೊತೆಗಾರ. ಹಿಂದೆ ಉಡದ ಚರ್ಮ ಹಾಕ್ತಿದ್ರು, ಈಗ ಉಡ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಪ್ರಾಣಿ. 'ಅಸಲಿ ಉಡದ್ದು' ಅಂದ್ರೆ ಕೊಳ್ಳಲೇಬೇಡಿ. ನುಡಿಸೋಕೆ ಮುಂಚೆ ಒಳಗಿನಿಂದ ಬೆರಳಲ್ಲಿ ನೀರು ಸವರಿ ಸ್ವರ ಇಳಿಸ್ತಾರೆ. ತಮಟೆಯನ್ನ ಬೆಂಕಿಗೆ ಹಿಡಿದು ಬಿಗಿ ಮಾಡ್ತಾರೆ. ಒದ್ದೆಯಾದ್ರೆ ಚರ್ಮ ಸಡಿಲ, ಒಣಗಿದ್ರೆ ಬಿಗಿ, ಎರಡಕ್ಕೂ ಲೆಕ್ಕ ಒಂದೇ. ಬಿಸಿಯೋ ನೀರೋ ತಾಕಿದ್ರೆ ಸ್ವರ ಹಿಂಗೆ ಓಡಾಡೋದು ಚರ್ಮದ್ದು ಮಾತ್ರ. ಇದೇ ನೀರನ್ನ ಜಾಗಟೆ ಮೇಲೆ ಚಿಮುಕಿಸಿ ಬಾರಿಸ್ತೀನಿ, ಕೇಳಿ... ಸ್ವರ ಹಂಗೇ ಇದೆ.

ಅಂಗಡಿಯವರು ಆಗಲೇ ಶಟರ್ ಅರ್ಧ ಎಳೆದ್ರು. ಗಂಟೆಗೆ ನಾಲಿಗೆ ವಾಪಸ್ ಸಿಕ್ಕಿಸಿ ಕೊಡ್ತೀನಿ, ಕ್ಯಾಮೆರಾ ನಿಲ್ಲಿಸಿ.