ಮೂರನೇ ಗುಂಪಿನ ಬಿಳಿ ಪ್ರಕ್ಷೇಪ

ಕೇಳುಗರಿಗೆ ನಮಸ್ಕಾರ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಕೊಡುವ ಬಿಳಿ ಲವಣಗಳಲ್ಲಿ ಮೆಗ್ನೀಸಿಯಂ ಸಲ್ಫೇಟ್ ಒಂದು. ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಜ್ವಾಲೆಗೆ ಬಣ್ಣ ಕೊಡುವುದಿಲ್ಲ. ಆದರೂ ಇದನ್ನು ಅಲ್ಯುಮಿನಿಯಂ ಲವಣವೆಂದು ರೆಕಾರ್ಡಿನಲ್ಲಿ ಬರೆದುಬಿಡುವವರು ಇದ್ದಾರೆ. ಹಾಗಾಗುವುದು ಮೂರನೇ ಗುಂಪಿನ ಪರೀಕ್ಷೆಯಲ್ಲಿ. ಅಲ್ಲಿ ಏನಾಗುತ್ತದೆ ಎಂಬುದನ್ನು ಇವತ್ತು ನೋಡೋಣ.

ಮೊದಲು ಲವಣವನ್ನು ಒಣ ಪ್ರನಾಳದಲ್ಲಿ ಕಾಯಿಸಿ. ಪ್ರನಾಳದ ಮೇಲ್ಭಾಗದ ತಣ್ಣನೆಯ ಗೋಡೆಯ ಮೇಲೆ ನೀರಿನ ಹನಿಗಳು ಕೂರುತ್ತವೆ. ಈ ಲವಣದ ಹರಳಿನಲ್ಲಿ ಏಳು ನೀರಿನ ಅಣುಗಳಿರುವುದರಿಂದ ಹೀಗಾಗುತ್ತದೆ. ಲವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ ಬಿಸಿ ಮಾಡಿದರೆ ಅಮೋನಿಯಾದ ವಾಸನೆ ಬರುವುದಿಲ್ಲ, ಹಾಗಾಗಿ ಅಮೋನಿಯಂ ಇಲ್ಲ. ಈ ಪರೀಕ್ಷೆಯನ್ನು ಮೂಲ ಲವಣದ ಮೇಲೆಯೇ ಮಾಡಬೇಕು. ಅಮೋನಿಯಂ ಕ್ಲೋರೈಡ್ ಹಾಕಿದ ದ್ರಾವಣದಲ್ಲಿ ಮಾಡಿದರೆ ನಾವೇ ಹಾಕಿದ ಅಮೋನಿಯಂ ವಾಸನೆ ಬೀರುತ್ತದೆ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಪ್ರಕ್ಷೇಪ ಬರುವುದಿಲ್ಲ, ಆ ಆಮ್ಲೀಯ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿದರೂ ಇಲ್ಲ. ಹೀಗೆ ಮೊದಲೆರಡು ಗುಂಪುಗಳು ಮುಗಿದವು.

ಈಗ ಮೂರನೇ ಗುಂಪು. ಹೊಸದಾಗಿ ಸುಮಾರು 2 ಮಿಲಿಲೀಟರ್ ದ್ರಾವಣ ತೆಗೆದುಕೊಳ್ಳಿ. ಅದಕ್ಕೆ ಮೊದಲು ಒಂದು ಚಿಟಿಕೆಗಿಂತ ಹೆಚ್ಚೇ ಘನ ಅಮೋನಿಯಂ ಕ್ಲೋರೈಡ್ ಹಾಕಿ, ಕರಗುವವರೆಗೆ ಅಲುಗಾಡಿಸಿ. ಆಮೇಲೆ ಅಮೋನಿಯಾದ ವಾಸನೆ ಹೋಗದೆ ಉಳಿಯುವಷ್ಟು ಅಮೋನಿಯಂ ಹೈಡ್ರಾಕ್ಸೈಡ್ ಹಾಕಿ. ಇಲ್ಲಿ ದ್ರಾವಣ ತಿಳಿಯಾಗಿಯೇ ಉಳಿಯಬೇಕು. ಅಮೋನಿಯಂ ಕ್ಲೋರೈಡನ್ನು ಮರೆತು ನೇರವಾಗಿ ಅಮೋನಿಯಂ ಹೈಡ್ರಾಕ್ಸೈಡ್ ಸುರಿದರೆ ಬಿಳಿ ಪ್ರಕ್ಷೇಪ ಬಂದುಬಿಡುತ್ತದೆ. ಅದನ್ನು ನೋಡಿದ ಕೂಡಲೇ ಅಲ್ಯುಮಿನಿಯಂ ಎಂದು ಬರೆಯುವುದು ಸುಲಭ.

ಇದಕ್ಕೆ ಕಾರಣ ಸಮಾನ ಅಯಾನು ಪರಿಣಾಮ. ಅಮೋನಿಯಂ ಹೈಡ್ರಾಕ್ಸೈಡ್ ದುರ್ಬಲ ಪ್ರತ್ಯಾಮ್ಲ, ಅದು ಅಲ್ಪ ಪ್ರಮಾಣದಲ್ಲಷ್ಟೇ ಅಯಾನುಗಳಾಗಿ ಒಡೆಯುತ್ತದೆ. ದ್ರಾವಣದಲ್ಲಿ ಮೊದಲೇ ಅಮೋನಿಯಂ ಅಯಾನುಗಳು ತುಂಬಿದ್ದರೆ ಆ ಒಡೆಯುವಿಕೆ ಇನ್ನೂ ಕುಗ್ಗಿ, ಹೈಡ್ರಾಕ್ಸೈಡ್ ಅಯಾನುಗಳು ಬಹಳ ಕಡಿಮೆಯಾಗುತ್ತವೆ. ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಅತ್ಯಲ್ಪ ಕರಗುವ ವಸ್ತುವಾದ್ದರಿಂದ ಅಷ್ಟರಲ್ಲೇ ಪ್ರಕ್ಷೇಪವಾಗುತ್ತದೆ. ಮೆಗ್ನೀಸಿಯಂ ಹೈಡ್ರಾಕ್ಸೈಡಿಗೆ ಅಷ್ಟು ಸಾಲದು. ಅಂದರೆ ಮೂರನೇ ಗುಂಪಿಗೂ ಆರನೇ ಗುಂಪಿಗೂ ನಡುವೆ ಗೆರೆ ಎಳೆಯುವುದೇ ಅಮೋನಿಯಂ ಕ್ಲೋರೈಡ್.

ಬಿಳಿ ಪ್ರಕ್ಷೇಪ ಬಂದೇಬಿಟ್ಟಿದ್ದರೆ ಅನುಮಾನ ಪರಿಹರಿಸಿಕೊಳ್ಳಲು ದಾರಿಯಿದೆ. ಅದೇ ಪ್ರನಾಳಕ್ಕೆ ಘನ ಅಮೋನಿಯಂ ಕ್ಲೋರೈಡ್ ಧಾರಾಳವಾಗಿ ಹಾಕಿ ಅಲುಗಾಡಿಸಿ. ಮೆಗ್ನೀಸಿಯಂ ಆಗಿದ್ದರೆ ಪ್ರಕ್ಷೇಪ ಕರಗಿಹೋಗುತ್ತದೆ, ಅಲ್ಯುಮಿನಿಯಂ ಆಗಿದ್ದರೆ ಲೋಳೆಯಂತೆ ಹಾಗೆಯೇ ನಿಲ್ಲುತ್ತದೆ. ಹೆಚ್ಚುವರಿ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಇದು ತಿರುವುಮುರುವು: ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಕರಗುತ್ತದೆ, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕರಗುವುದಿಲ್ಲ.

ನಾಲ್ಕನೇ ಗುಂಪಿನಲ್ಲಿ ಹೈಡ್ರೋಜನ್ ಸಲ್ಫೈಡಿಗೂ, ಐದನೇ ಗುಂಪಿನಲ್ಲಿ ಅಮೋನಿಯಂ ಕಾರ್ಬೊನೇಟಿಗೂ ಪ್ರಕ್ಷೇಪ ಬರುವುದಿಲ್ಲ. ಈ ಎರಡಕ್ಕೂ ಹೊಸ ದ್ರಾವಣ ತೆಗೆದುಕೊಂಡರೆ ಪ್ರತಿ ಸಲವೂ ಅಮೋನಿಯಂ ಕ್ಲೋರೈಡ್ ಹಾಕಲೇಬೇಕು. ಐದನೇ ಗುಂಪು ಇಲ್ಲವೆಂದು ಖಚಿತವಾಗದೆ ಮುಂದಿನ ಪರೀಕ್ಷೆಗೆ ಹೋಗಬೇಡಿ. ಏಕೆಂದರೆ ಬೇರಿಯಂ, ಕ್ಯಾಲ್ಸಿಯಂ ಕೂಡ ಫಾಸ್ಫೇಟಿನೊಂದಿಗೆ ಬಿಳಿ ಪ್ರಕ್ಷೇಪವನ್ನೇ ಕೊಡುತ್ತವೆ.

ಇನ್ನು ಮೆಗ್ನೀಸಿಯಂ ದೃಢೀಕರಣ. ದ್ರಾವಣಕ್ಕೆ ಅಮೋನಿಯಂ ಕ್ಲೋರೈಡ್, ಅಮೋನಿಯಂ ಹೈಡ್ರಾಕ್ಸೈಡ್ ಹಾಕಿದ ಮೇಲೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ದ್ರಾವಣ ಸೇರಿಸಿ. ಏನೂ ಕಾಣಿಸದಿದ್ದರೆ ಗಾಜಿನ ಕಡ್ಡಿಯಿಂದ ಪ್ರನಾಳದ ಒಳಗೋಡೆಯನ್ನು ಗೀರಿ, ಒಂದೆರಡು ನಿಮಿಷ ಕಾಯಿರಿ. ಈ ಹರಳುಗಳು ತಮ್ಮಷ್ಟಕ್ಕೆ ಹುಟ್ಟಲು ಹೊತ್ತು ಹಿಡಿಯುತ್ತವೆ, ಗೀರಿದ ಜಾಗದಿಂದ ಬೇಗ ಬೆಳೆಯುತ್ತವೆ. ನುಣ್ಣನೆಯ ಬಿಳಿ ಹರಳಿನ ಪ್ರಕ್ಷೇಪ ಮೊದಲು ಕಾಣಿಸುವುದು ಆ ಗೀರುಗಳ ಉದ್ದಕ್ಕೇ. ಅದು ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್.

ಉಳಿದದ್ದು ಆನಯಾನ್. ಸಾರರಿಕ್ತ ಆಮ್ಲಕ್ಕೂ ಸಾರೀಕೃತ ಸಲ್ಫ್ಯೂರಿಕ್ ಆಮ್ಲಕ್ಕೂ ಅನಿಲ ಹೊರಡದಿದ್ದರೆ ಸಲ್ಫೇಟ್ ಇರಬಹುದು. ದ್ರಾವಣಕ್ಕೆ ಕೆಲವು ಹನಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ನಂತರ ಬೇರಿಯಂ ಕ್ಲೋರೈಡ್ ಸೇರಿಸಿ. ಆಮ್ಲದಲ್ಲಿ ಕರಗದ ಬಿಳಿ ಪ್ರಕ್ಷೇಪ ಸಲ್ಫೇಟಿನದು. ಸೋಡಿಯಂ ಕಾರ್ಬೊನೇಟ್ ಸಾರದಿಂದ ಈ ಪರೀಕ್ಷೆ ಮಾಡುವವರು ನೊರೆ ಪೂರ್ತಿ ನಿಲ್ಲುವವರೆಗೆ ಆಮ್ಲ ಹಾಕಬೇಕು. ಇಲ್ಲವಾದರೆ ಉಳಿದ ಕಾರ್ಬೊನೇಟ್ ಬೇರಿಯಂ ಕಾರ್ಬೊನೇಟಾಗಿ ಪ್ರಕ್ಷೇಪವಾಗಿ, ಇಲ್ಲದ ಸಲ್ಫೇಟನ್ನು ತೋರಿಸುತ್ತದೆ.

ಎರಡನೆಯ ದೃಢೀಕರಣಕ್ಕೆ ಲೆಡ್ ಅಸಿಟೇಟ್ ಬಳಸುವಾಗ ದ್ರಾವಣವನ್ನು ಅಸಿಟಿಕ್ ಆಮ್ಲದಿಂದಲೇ ಆಮ್ಲೀಯಗೊಳಿಸಿ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಅದರ ಕ್ಲೋರೈಡ್ ಸೀಸದೊಂದಿಗೆ ಸೇರಿ ಬಿಳಿ ಲೆಡ್ ಕ್ಲೋರೈಡ್ ಆಗಬಹುದು. ಸಲ್ಫೇಟಿನಿಂದ ಬಂದ ಬಿಳಿ ಪ್ರಕ್ಷೇಪ ಬಿಸಿ ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಕರಗುತ್ತದೆ. ಅದನ್ನೂ ವೀಕ್ಷಣೆಯ ಕಾಲಂನಲ್ಲಿ ಬರೆದ ಮೇಲೆಯೇ ತೀರ್ಮಾನದ ಕಾಲಂನಲ್ಲಿ ಸಲ್ಫೇಟ್ ದೃಢಪಟ್ಟಿದೆ ಎಂದು ಬರೆಯಿರಿ. ನಮಸ್ಕಾರ.