ಬಾಳಕದ ಮೆಣಸಿನಕಾಯಿಯೂ ಕೈಯುರಿಯೂ

ಕೇಳುಗರಿಗೆ ನಮಸ್ಕಾರ.

ಬಿಸಿಲು ಬಲಿಯುತ್ತಿದ್ದ ಹಾಗೆ ಮೈಸೂರು, ಮಂಡ್ಯದ ಕಡೆ ಎಷ್ಟೋ ಮನೆಗಳಲ್ಲಿ ಬಾಳಕದ ಮೆಣಸಿನಕಾಯಿಗೆ, ಅಂದರೆ ಸೀಳಿ ಉಪ್ಪುಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗೆ ಒಣಗಿಸುವ ಮೆಣಸಿನಕಾಯಿಗೆ, ಕೈ ಹಾಕುತ್ತಾರೆ. ಒಗ್ಗರಣೆಗೆ ದಿನವೂ ಎರಡು ಮೆಣಸಿನಕಾಯಿ ಹೆಚ್ಚುವವರಿಗೆ ಕೈಯುರಿ ಅಷ್ಟಾಗಿ ಗೊತ್ತಿರುವುದಿಲ್ಲ. ಒಂದೇ ಸಲ ಒಂದು ಕೆ.ಜಿ. ಸೀಳಲು ಕೂತಾಗ ಗೊತ್ತಾಗುತ್ತದೆ. ಅದೂ ತಕ್ಷಣ ಅಲ್ಲ. ಬೆಳಿಗ್ಗೆ ಸೀಳಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ಉರಿಯಲು ಶುರುವಾಗಿ, ಸಂಜೆ ಬಿಸಿನೀರು ತಾಗಿದರೆ ಮತ್ತೆ ಭಗ್ಗೆನ್ನುತ್ತದೆ.

ಹೀಗೆ ತಡವಾಗುವುದಕ್ಕೆ ಕಾರಣವಿದೆ. ಮೆಣಸಿನಕಾಯಿಯ ಖಾರಕ್ಕೆ ಮೂಲವಾದ ವಸ್ತು ಕ್ಯಾಪ್ಸೈಸಿನ್. ಬೀಜದಲ್ಲಿ ಖಾರ ಎಂದು ನಾವು ಹೇಳುತ್ತೇವೆ, ಆದರೆ ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ. ಬೀಜಕ್ಕೆ ತಾಗಿರುವುದು ಅದರ ರಸ. ಬೆರಳಿನ ಚರ್ಮ ದಪ್ಪ, ಹಾಗಾಗಿ ಆ ರಸ ಒಳಗಿನ ನರದ ತುದಿಯವರೆಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಅಲ್ಲಿ ಅದು ತಾಗುವುದು ಶಾಖವನ್ನು ಅರಿಯುವ ಒಂದು ಗ್ರಾಹಕಕ್ಕೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಎಚ್ಚರಗೊಳ್ಳುವ ಗ್ರಾಹಕ ಅದು. ಇದೇ ಕ್ಯಾಪ್ಸೈಸಿನ್ ಹಿಡಿದುಕೊಂಡು ಹುಡುಕಿ ಆ ಗ್ರಾಹಕವನ್ನು ಪತ್ತೆ ಮಾಡಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಚರ್ಮ ಸುಟ್ಟಿಲ್ಲದಿದ್ದರೂ ಸುಟ್ಟಂತೆ ಅನ್ನಿಸುವುದು ಖಾರವೂ ಈ ಗ್ರಾಹಕವನ್ನೇ ಎಚ್ಚರಿಸುವುದರಿಂದ. ಖಾರ ಕೂತಿರುವ ಕೈಗೆ ಬಿಸಿನೀರು ಬಿದ್ದರೆ ಉರಿ ಏರುವುದೂ ಇದರಿಂದಲೇ.

ಈಗ ಸೀಳುವ ಕೆಲಸ. ಕಾಯಿ ತೊಳೆದು, ನೀರು ಪೂರ್ತಿ ಬಸಿದು, ಬಟ್ಟೆಯಲ್ಲಿ ಒರೆಸಿಕೊಳ್ಳಿ. ಒದ್ದೆ ಕಾಯಿ ಜಾರುತ್ತದೆ, ಜಾರದಿರಲೆಂದು ನಾವು ಅದುಮಿ ಹಿಡಿಯುತ್ತೇವೆ, ಅದುಮಿದರೆ ಸೀಳಿನಿಂದ ರಸ ಬೆರಳಿಗೆ ಬರುತ್ತದೆ. ತೊಟ್ಟು ತೆಗೆಯಬೇಡಿ, ಅದೇ ನಿಮ್ಮ ಹಿಡಿ. ಕಾಯನ್ನು ಮಣೆಯ ಮೇಲೆ ಮಲಗಿಸಿ, ತೊಟ್ಟು ಹಿಡಿದುಕೊಂಡು, ಸಣ್ಣ ಚಾಕುವಿನ ಮೊನೆಯಿಂದ ತೊಟ್ಟಿನ ಕೆಳಗೆ ಅರ್ಧ ಅಂಗುಲ ಬಿಟ್ಟು ಒಂದೇ ಗೀರು ಎಳೆಯಿರಿ. ತುದಿಯವರೆಗೂ ಹೋಗುವುದು ಬೇಡ. ಮಜ್ಜಿಗೆ, ಉಪ್ಪು ಒಳಗಿಳಿಯಲು ಅಷ್ಟು ಬಾಯಿ ಸಾಕು. ಗೀರು ಒಂದು ಮೈಯನ್ನು ಮಾತ್ರ ದಾಟಬೇಕು. ಆಚೆ ಮೈಯನ್ನೂ ಸೀಳಿದರೆ ಕಾಯಿ ಬಾಯಿ ಬಿಟ್ಟುಕೊಂಡು ದಿಂಡು ಹೊರಗೆ ಬರುತ್ತದೆ. ಈಳಿಗೆ ಮಣೆಯಲ್ಲಿ ಸೀಳುವುದು ಬೇಗ ಆಗುತ್ತದೆ, ನಿಜ. ಆದರೆ ಅಲ್ಲಿ ಎರಡೂ ಕೈಯಲ್ಲಿ ಕಾಯಿ ಹಿಡಿಯಬೇಕು. ಈ ಒಂದು ಕೆಲಸಕ್ಕೆ ಚಾಕುವೇ ವಾಸಿ.

ಗ್ಲೌಸ್ ಹಾಕುವುದಾದರೆ ಔಷಧಿ ಅಂಗಡಿಯಲ್ಲಿ ನೈಟ್ರೈಲ್ ಗ್ಲೌಸ್ ಕೇಳಿ. ತೆಳು ರಬ್ಬರಿನ ಲ್ಯಾಟೆಕ್ಸ್ ಗ್ಲೌಸ್ ನಂಬಿಕೊಂಡರೆ ಖಾರ ನಿಧಾನವಾಗಿ ಒಳಗೆ ಬರಬಹುದು. ತೆಗೆಯುವಾಗ ಮಣಿಕಟ್ಟಿನ ಹತ್ತಿರ ಹಿಡಿದು ಒಳಮೈ ಹೊರಗಾಗುವಂತೆ ಮಗುಚಿ ಎಳೆಯಿರಿ. ಖಾರ ಅಂಟಿದ ಹೊರಮೈಯನ್ನು ಬರಿಗೈಯಲ್ಲಿ ಹಿಡಿದು ಕಳಚಿದರೆ ಹಾಕಿಕೊಂಡಿದ್ದೇ ದಂಡ.

ಗ್ಲೌಸ್ ಇಲ್ಲವೇ? ಕಾಯಿ ಹಿಡಿಯುವ ಕೈಗೆ ಮಾತ್ರ ಕೊಬ್ಬರಿ ಎಣ್ಣೆ ಅಥವಾ ಕಡ್ಲೆಕಾಯಿ ಎಣ್ಣೆ ತೆಳ್ಳಗೆ ಸವರಿ. ಉಗುರಿನ ಸಂದಿಗೂ ಹೋಗಲಿ. ಚಾಕು ಹಿಡಿಯುವ ಕೈಗೆ ಬೇಡ, ಹಿಡಿ ಜಾರುತ್ತದೆ. ಎಣ್ಣೆ ಗ್ಲೌಸಿಗೆ ಸಮ ಅಲ್ಲ. ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುವುದರಿಂದ ರಸ ಆ ಪದರದಲ್ಲಿ ಸೇರಿಕೊಳ್ಳುತ್ತದೆ, ಸೋಪು ಹಾಕಿದರೆ ಎಣ್ಣೆಯ ಜೊತೆಗೇ ಹೋಗುತ್ತದೆ. ಹಾಗೇ ಗಂಟೆಗಟ್ಟಲೆ ಬಿಟ್ಟರೆ ಆ ಎಣ್ಣೆಯೇ ಖಾರದ ಎಣ್ಣೆ. ಆದ್ದರಿಂದ ಒಂದು ಕೆ.ಜಿ.ಯನ್ನು ನಾಲ್ಕು ಪಾಲು ಮಾಡಿಕೊಳ್ಳಿ. ಕಾಲು ಕೆ.ಜಿ. ಮುಗಿದಾಗಲೆಲ್ಲ ಎದ್ದು, ಕೈ ತೊಳೆದು ಒರೆಸಿ, ಹೊಸ ಎಣ್ಣೆ ಸವರಿ. ಇನ್ನೂ ಉರಿಯುತ್ತಿಲ್ಲವಲ್ಲ ಎಂದು ಮುಂದೂಡಬೇಡಿ. ಉರಿ ಬಂದಾಗ ಖಾರ ಆಗಲೇ ಒಳಗಿರುತ್ತದೆ. ಬೆರಳಿನಲ್ಲಿ ಗಾಯ ಇದ್ದವರು, ಉಗುರು ಕಚ್ಚುವವರು ಈ ಕೆಲಸ ಬೇರೆಯವರಿಗೆ ಬಿಡುವುದು ಒಳ್ಳೆಯದು. ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ಮೊದಲೇ ತೆಗೆದಿಟ್ಟು ಕೂರಬೇಕು.

ಬಾಳಕದಲ್ಲಿ ಇನ್ನೊಂದು ಮೋಸ ಇದೆ. ಸೀಳುವ ದಿನ ಎಲ್ಲರೂ ಹುಷಾರಾಗಿರುತ್ತಾರೆ. ಮಾರನೆಯ ದಿನ ಉಪ್ಪುಮಜ್ಜಿಗೆಯಿಂದ ಕಾಯಿ ತೆಗೆದು ಬಿಸಿಲಿಗೆ ಹರಡುವಾಗ, ಸಂಜೆ ಮತ್ತೆ ಮಜ್ಜಿಗೆಗೆ ಹಾಕುವಾಗ ಬರಿಗೈ ಬಿಡುತ್ತಾರೆ. ಆ ಹೊತ್ತಿಗೆ ಸೀಳಿನಿಂದ ಖಾರ ಇಳಿದು ಮಜ್ಜಿಗೆಯೇ ಖಾರವಾಗಿರುತ್ತದೆ, ಉಪ್ಪು ಬೇರೆ ಉಗುರುಸುತ್ತಿನ ಸಣ್ಣ ಗಾಯಗಳನ್ನು ಕೆಣಕುತ್ತದೆ. ಮಜ್ಜಿಗೆ ಹೀರಿ ಮುಗಿಯುವವರೆಗೂ ಕಲಕುವುದು ಸೌಟಿನಲ್ಲಿ, ಎತ್ತುವುದು ಜಾಲರಿಯಲ್ಲಿ, ತಟ್ಟೆಗೆ ಹರಡುವುದು ಇಕ್ಕಳದಲ್ಲಿ ಆಗಲಿ.

ಇಷ್ಟಾದರೂ ಕೈ ಉರಿಯಿತು ಅನ್ನಿ. ನೇರ ನಲ್ಲಿಗೆ ಓಡಬೇಡಿ. ಬರೀ ನೀರಿಗೆ ಕ್ಯಾಪ್ಸೈಸಿನ್ ಕರಗುವುದಿಲ್ಲ. ಒಣಗಿದ ಕೈಗೆ ಎರಡು ಚಮಚ ಅಡುಗೆ ಎಣ್ಣೆ ಹಾಕಿಕೊಂಡು, ಬೆರಳ ಸಂದಿ, ಉಗುರಿನ ಅಡಿ ಸೇರಿ ಒಂದೆರಡು ನಿಮಿಷ ಮೆತ್ತಗೆ ತಿಕ್ಕಿ. ಹಳೇ ಕಾಗದದಲ್ಲಿ ಒರೆಸಿ ಬಿಸಾಡಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರಿಲ್ಲದೆ ಕೈಗೆ ಸವರಿ, ಸ್ವಲ್ಪವೇ ನೀರು ಮುಟ್ಟಿಸಿ ನೊರೆ ಬರಿಸಿ, ತಣ್ಣೀರಿನಲ್ಲಿ ತೊಳೆಯಿರಿ. ಲಿಕ್ವಿಡ್ ಇಲ್ಲದಿದ್ದರೆ ಎಣ್ಣೆಯ ಜಿಡ್ಡು ತೆಗೆಯಲು ಕಡ್ಲೆಹಿಟ್ಟೂ ಆಗುತ್ತದೆ. ಇದನ್ನೆಲ್ಲ ಎರಡು ಮೂರು ಸಲ ಮಾಡಿ. ಕೈ ಶುದ್ಧವಾಯಿತೇ ಎಂದು ನೋಡಲು ಬೆರಳ ತುದಿಯನ್ನು ತುಟಿಯ ಒಳಗೆ ಮುಟ್ಟಿಸಿ. ಅಲ್ಲಿನ ಚರ್ಮ ತೆಳು, ಚುರ್ ಎಂದರೆ ಇನ್ನೂ ಒಂದು ಸುತ್ತು ಬೇಕು.

ತುಟಿ ಸುಮ್ಮನಿದ್ದೂ ಕೈ ಉರಿಯುತ್ತಿದ್ದರೆ, ಉಳಿದ ಖಾರ ಚರ್ಮದ ಒಳಗಿದೆ ಎಂದರ್ಥ. ಇನ್ನು ಎಷ್ಟು ಉಜ್ಜಿದರೂ ಅದು ಹೊರಗೆ ಬರುವುದಿಲ್ಲ. ಬಟ್ಟಲಿನಲ್ಲಿ ಅಡುಗೆ ಎಣ್ಣೆ ಹಾಕಿಕೊಂಡು ಬೆರಳನ್ನು ಅರ್ಧ ಗಂಟೆಯೋ ಒಂದು ಗಂಟೆಯೋ ಅದ್ದಿಡಬಹುದು. ತಣ್ಣನೆಯ ಗಟ್ಟಿ ಮೊಸರೂ ಹಿತ ಕೊಡುತ್ತದೆ. ತಣ್ಣೀರಿನ ಬಟ್ಟೆ ಸುತ್ತಿದರೆ ಸುತ್ತಿರುವಷ್ಟು ಹೊತ್ತು ಆರಾಮ, ತೆಗೆದರೆ ಉರಿ ವಾಪಸ್ಸು. ಇದರಿಂದ ಗಾಬರಿ ಬೇಡ. ತಂಪು ಗ್ರಾಹಕವನ್ನು ಸುಮ್ಮನಾಗಿಸುತ್ತದೆಯೇ ಹೊರತು ಖಾರವನ್ನು ತೆಗೆಯುವುದಿಲ್ಲ. ಐಸನ್ನು ನೇರವಾಗಿ ಒತ್ತಿ ಹಿಡಿಯಬೇಡಿ. ನಿಂಬೆಹಣ್ಣು, ಹುಣಸೆಹಣ್ಣು, ಕಲ್ಲುಪ್ಪು ಹಾಕಿ ಉಜ್ಜುವವರಿದ್ದಾರೆ. ಉಪ್ಪಿನ ಹರಳು ಚರ್ಮ ಗೀರುತ್ತದೆ, ಹುಳಿ ಆ ಗೀರಿಗೆ ಇಳಿಯುತ್ತದೆ, ಇದ್ದ ಉರಿಯ ಮೇಲೆ ಇನ್ನೊಂದು ಉರಿ. ಅವತ್ತಿಗೆ ಸ್ನಾನದ ಬಿಸಿನೀರು, ಒಲೆಯ ಝಳ ಎರಡರಿಂದಲೂ ಕೈ ದೂರ ಇರಲಿ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಜಾಸ್ತಿಯಾಗಿದ್ದರೆ ಮಾರನೆಯ ದಿನದವರೆಗೂ ಎಳೆಯಬಹುದು. ಬೊಬ್ಬೆ ಎದ್ದರೆ, ಊದಿಕೊಂಡರೆ, ಒಂದು ದಿನ ದಾಟಿಯೂ ಉರಿ ಕಮ್ಮಿಯಾಗದಿದ್ದರೆ ವೈದ್ಯರಿಗೆ ತೋರಿಸಿ.

ಕಣ್ಣಿಗೆ ತಾಗಿದರೆ ಮಾತ್ರ ಈ ಎಣ್ಣೆ, ಮೊಸರು, ಸೋಪು ಯಾವುದೂ ಬೇಡ. ಅಲ್ಲಿಗೆ ಚೊಕ್ಕ ನೀರೊಂದೇ. ಉಜ್ಜದೆ, ರೆಪ್ಪೆ ಬಿಡಿಸಿ ಹಿಡಿದು, ಹದಿನೈದು ನಿಮಿಷ ನೀರು ಹರಿಸಬೇಕು. ರೆಪ್ಪೆ ಬಿಡಿಸುವುದು ಮೆಣಸಿನಕಾಯಿ ಮುಟ್ಟದ ಇನ್ನೊಬ್ಬರ ಕೈ ಆಗಿರಲಿ. ಆಮೇಲೂ ನೋವು ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಹೋಗಿ.

ನಮಸ್ಕಾರ.