ಆಮ್ಲದಲ್ಲಿ ಬದುಕುವ ಬ್ಯಾಕ್ಟೀರಿಯಾ, ಉಸಿರಲ್ಲಿ ಸಿಗುವ ಸುಳಿವು

ಕೇಳುಗರೇ, ನಮಸ್ಕಾರ.

ದನದ ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ಘಾಟು ವಾಸನೆ ನಿಮಗೆ ಗೊತ್ತಲ್ವಾ? ಗಂಜಲದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಆ ಘಾಟು ಅದರದ್ದೇ. ಒಡೆಯುವ ಕೆಲಸ ಮಾಡುವುದು ಯೂರಿಯೇಸ್ ಎಂಬ ಕಿಣ್ವ. ಇದೇ ಕಿಣ್ವವನ್ನು ಮನುಷ್ಯರ ಹೊಟ್ಟೆಯೊಳಗೆ ಕೂತು ಬಳಸುವ ಒಂದು ಬ್ಯಾಕ್ಟೀರಿಯಾ ಇದೆ. ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಡಾಕ್ಟರುಗಳ ಬಾಯಲ್ಲಿ ಬರೀ 'ಎಚ್ ಪೈಲೋರಿ'. ಜಠರದ ಮತ್ತು ಸಣ್ಣ ಕರುಳಿನ ಮೊದಲ ಭಾಗದ ಹುಣ್ಣುಗಳಿಗೆ ದೊಡ್ಡ ಕಾರಣ ಇದು.

ಜಠರದಲ್ಲಿ ಯೂರಿಯೇಸ್ ಇದೆ ಎಂದು 1924ರಲ್ಲೇ ಲಕ್ ಮತ್ತು ಸೇಠ್ ಎಂಬ ಇಬ್ಬರು ವಿಜ್ಞಾನಿಗಳು ಬರೆದಿದ್ದರು. ಆದರೆ ಅದು ಜಠರದ ಸ್ವಂತ ಸರಕು ಎಂದೇ ಎಲ್ಲರೂ ತಿಳಿದರು. 1950ರ ದಶಕದಲ್ಲಿ ಪ್ರಾಣಿಗಳಿಗೆ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದಾಗ ಆ ಯೂರಿಯೇಸ್ ಮಾಯವಾಯಿತು. ಅಂದರೆ ಅದು ಬ್ಯಾಕ್ಟೀರಿಯಾದ್ದು! ಆಗಲೂ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಅಂಥ ಆಮ್ಲದಲ್ಲಿ ಯಾವ ಜೀವಿ ತಾನೇ ನೆಲೆಸೀತು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಕೊನೆಗೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಹೊಟ್ಟೆಯ ಚೂರಿನಿಂದ ತೆಗೆದು ಬೆಳೆಸಿದರು. 2005ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ಆ ಕಥೆಯನ್ನು ನೀವು ಬೇರೆ ಕಡೆ ಕೇಳಿರುತ್ತೀರಿ. ಇವತ್ತು ನಾನು ಹೇಳಹೊರಟಿರುವುದು ಆ ಬ್ಯಾಕ್ಟೀರಿಯಾದ ಮೈಮೇಲಿರುವ ಒಂದು ಪುಟ್ಟ ಬಾಗಿಲಿನ ಬಗ್ಗೆ.

ಖಾಲಿ ಹೊಟ್ಟೆಯ ಆಮ್ಲದ ಪಿಎಚ್ 1ರಿಂದ 2. ಸಾಮಾನ್ಯ ಬ್ಯಾಕ್ಟೀರಿಯಾ ಇದರಲ್ಲಿ ಬಿದ್ದರೆ ಬೇಗ ಸಾಯುತ್ತದೆ. ಪೈಲೋರಿಗೂ ಆಮ್ಲ ಇಷ್ಟವೇನಲ್ಲ. ಯೂರಿಯಾ ಇಲ್ಲದ ಆಮ್ಲದಲ್ಲಿ ಹಾಕಿದರೆ ಅದೂ ಸಾಯುತ್ತದೆ. ಆದರೆ ನಮ್ಮ ರಕ್ತದಲ್ಲಿ ಯಾವಾಗಲೂ ಯೂರಿಯಾ ಇರುತ್ತದೆ, ಅದರಲ್ಲಿ ಸ್ವಲ್ಪ ಜಠರರಸಕ್ಕೂ ಒಸರುತ್ತದೆ. ಪೈಲೋರಿಗೆ ಅಷ್ಟು ಸಾಕು.

ಈ ಬ್ಯಾಕ್ಟೀರಿಯಾದ ಒಳಗೆ ಯೂರಿಯೇಸ್ ತುಂಬಿಕೊಂಡಿರುತ್ತದೆ. ಅದರ ಒಟ್ಟು ಪ್ರೋಟೀನಿನಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಇದೊಂದೇ ಆಗಬಹುದು. ಕೆಲಸ ಮಾಡಲು ಈ ಕಿಣ್ವಕ್ಕೆ ನಿಕ್ಕಲ್ ಲೋಹ ಬೇಕು. ಒಂದು ಯೂರಿಯಾ ಅಣು ಒಡೆದರೆ ಎರಡು ಅಮೋನಿಯಾ, ಒಂದು ಕಾರ್ಬನ್ ಡೈಆಕ್ಸೈಡ್ ಸಿಗುತ್ತವೆ. ಒಳಗೆ ನುಗ್ಗಿದ ಆಮ್ಲವನ್ನು ಅಮೋನಿಯಾ ಹಿಡಿದು ತಟಸ್ಥ ಮಾಡುತ್ತದೆ. ಬ್ಯಾಕ್ಟೀರಿಯಾ ಇಡೀ ಹೊಟ್ಟೆಯ ಆಮ್ಲವನ್ನು ಇಳಿಸುವುದಿಲ್ಲ. ತನ್ನ ಮೈಯ ಒಳಗನ್ನೂ ಸುತ್ತಲಿನ ಕೂದಲೆಳೆಯಷ್ಟು ಜಾಗವನ್ನೂ ಮಾತ್ರ ಕಾಪಾಡಿಕೊಳ್ಳುತ್ತದೆ.

ಇಲ್ಲೊಂದು ತೊಡಕಿದೆ. ಅಮೋನಿಯಾ ಜಾಸ್ತಿಯಾದರೂ ಸಾವೇ. ಸುತ್ತ ಆಮ್ಲ ಇಲ್ಲದಾಗಲೂ ಯೂರಿಯಾ ಒಡೆಯುತ್ತಾ ಹೋದರೆ ಕ್ಷಾರ ಏರಿ ಬ್ಯಾಕ್ಟೀರಿಯಾ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಅದಕ್ಕೇ ಆ ಬಾಗಿಲು. ಬ್ಯಾಕ್ಟೀರಿಯಾದ ಒಳಪೊರೆಯಲ್ಲಿ ಯೂರಿಯಾ ಒಳಗೆ ಬರುವ ದಾರಿಯೊಂದಿದೆ. ಅದನ್ನು ಯೂರೆಐ ಎನ್ನುತ್ತಾರೆ. ಸುತ್ತ ಆಮ್ಲ ಹೆಚ್ಚಿದಾಗ ಅದು ತೆರೆಯುತ್ತದೆ, ಪಿಎಚ್ 7ರ ಹತ್ತಿರ ಬಂದಾಗ ಮುಚ್ಚುತ್ತದೆ. ಎಷ್ಟು ಆಮ್ಲವೋ ಅಷ್ಟು ಯೂರಿಯಾ ಒಳಗೆ, ಅಷ್ಟೇ ಅಮೋನಿಯಾ.

ಅಮೋನಿಯಾದಿಂದ ಇನ್ನೊಂದು ಲಾಭವೂ ಇದೆ. ಜಠರದ ಗೋಡೆಯ ಮೇಲೆ ದಪ್ಪ ಲೋಳೆ ಇರುತ್ತದೆ. ಆಮ್ಲದಲ್ಲಿ ಅದು ಗಟ್ಟಿ, ಆಮ್ಲ ಇಳಿದರೆ ನೀರಾಗುತ್ತದೆ. ಪೈಲೋರಿಯ ಸುರುಳಿ ಆಕಾರ ನೋಡಿ, ಅದು ಲೋಳೆಯನ್ನು ಕೊರೆದುಕೊಂಡು ಹೋಗುತ್ತದೆ ಎಂದು ಬಹಳ ಕಾಲ ಅಂದುಕೊಂಡಿದ್ದರು. ತನ್ನ ಸುತ್ತಲಿನ ಲೋಳೆಯನ್ನು ಅಮೋನಿಯಾದಿಂದ ತೆಳ್ಳಗೆ ಮಾಡಿಕೊಂಡು ಈಜುತ್ತದೆ ಎಂದು 2009ರಲ್ಲಿ ತೋರಿಸಿದರು. ಗೋಡೆಯ ಹತ್ತಿರ ಸೇರಿಬಿಟ್ಟರೆ ಅಲ್ಲಿ ಆಮ್ಲವೇ ಕಡಿಮೆ.

ಈಗ ಪತ್ತೆ ಮಾಡುವ ವಿಷಯ. ಮನುಷ್ಯರ ಜೀವಕೋಶಗಳಲ್ಲಿ ಯೂರಿಯೇಸ್ ಇಲ್ಲ. ಹಾಗಾಗಿ ಹೊಟ್ಟೆಯಲ್ಲಿ ಯೂರಿಯಾ ಒಡೆಯುತ್ತಿದ್ದರೆ ಒಡೆಯುವವರು ಬೇರೆ ಯಾರೋ ಇದ್ದಾರೆ ಎಂದೇ ಅರ್ಥ.

ಎಂಡೋಸ್ಕೋಪಿ ಮಾಡುವಾಗ ಜಠರದ ಒಳಪದರದಿಂದ ಒಂದೆರಡು ಮಿಲಿಮೀಟರಿನ ಚೂರು ತೆಗೆಯುತ್ತಾರೆ. ಅದನ್ನು ಯೂರಿಯಾ ಮತ್ತು ಫಿನಾಲ್ ರೆಡ್ ಬಣ್ಣ ಸೇರಿಸಿದ ಹಳದಿ ಜೆಲ್ಲಿಯೊಳಗೆ ಒತ್ತುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಚೂರಿನ ಅಂಚಿನಲ್ಲಿ ಮೊದಲು ಗುಲಾಬಿ ಛಾಯೆ ಕಾಣುತ್ತದೆ, ಆಮೇಲೆ ಹರಡುತ್ತದೆ. ಜಾಸ್ತಿ ಇದ್ದರೆ ಕೆಲವು ನಿಮಿಷ ಸಾಕು, ಕಡಿಮೆ ಇದ್ದರೆ ಗಂಟೆಗಟ್ಟಲೆ ಕಾಯಬೇಕು. 24 ಗಂಟೆ ದಾಟಿದ ಮೇಲೆ ಬಂದ ಬಣ್ಣವನ್ನು ನಂಬುವುದಿಲ್ಲ, ಬೇರೆ ಬ್ಯಾಕ್ಟೀರಿಯಾ ಬೆಳೆದಿರಬಹುದು. ಹುಣ್ಣಿನಿಂದ ರಕ್ತ ಸುರಿಯುತ್ತಿರುವಾಗ ಈ ಪರೀಕ್ಷೆ ಎಷ್ಟೋ ಸಲ ತಪ್ಪಿ 'ಇಲ್ಲ' ಎನ್ನುತ್ತದೆ.

ನಳಿಕೆ ನುಂಗುವುದು ಬೇಡವೆಂದರೆ ಉಸಿರಿನ ಪರೀಕ್ಷೆ ಇದೆ. ಕಾರ್ಬನ್‌ನಲ್ಲಿ ಕಾರ್ಬನ್ 13 ಎಂಬ ತುಸು ಭಾರದ ಬಗೆಯೊಂದಿದೆ. ಅದು ವಿಕಿರಣ ಸೂಸುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಮೊದಲು ಒಂದು ಚೀಲಕ್ಕೆ ಊದಿಸುತ್ತಾರೆ. ಆಮೇಲೆ ಈ ಕಾರ್ಬನ್ ಇರುವ ಯೂರಿಯಾ, ಸಾಮಾನ್ಯವಾಗಿ 75 ಮಿಲಿಗ್ರಾಂ, ನಿಂಬೆಹುಳಿಯ ಪಾನಕದಲ್ಲಿ ಕುಡಿಸುತ್ತಾರೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ಚೀಲ. ಪೈಲೋರಿ ಯೂರಿಯಾ ಒಡೆದಿದ್ದರೆ ಭಾರದ ಕಾರ್ಬನ್ ಡೈಆಕ್ಸೈಡ್ ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಎರಡನೇ ಚೀಲಕ್ಕೆ ಬಂದಿರುತ್ತದೆ. ಯಂತ್ರ ಎರಡನ್ನೂ ಹೋಲಿಸಿ ವ್ಯತ್ಯಾಸವನ್ನು ಸಾವಿರಕ್ಕೆ ಇಷ್ಟು ಎಂದು ಹೇಳುತ್ತದೆ. ಅನೇಕ ಕಡೆ 4ರ ಆಸುಪಾಸನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ.

ಹುಳಿ ಯಾಕೆ? ರುಚಿಗಲ್ಲ. ಹುಳಿ ಇದ್ದರೆ ಪಾನಕ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಜೊತೆಗೆ ಬ್ಯಾಕ್ಟೀರಿಯಾದ ಬಾಗಿಲೂ ತೆರೆಯುತ್ತದೆ.

ಈಗ ಒಂದು ಉದಾಹರಣೆ ಊಹಿಸಿಕೊಳ್ಳಿ. ಬಹಳ ದಿನದಿಂದ ಹೊಟ್ಟೆ ಉರಿ ಇರುವ ಒಬ್ಬರಿಗೆ ಉಸಿರಿನ ಪರೀಕ್ಷೆ ಮಾಡಿದರು. ವ್ಯತ್ಯಾಸ 2 ಬಂತು. ಗಡಿಗಿಂತ ಕಡಿಮೆ, ಅಂದರೆ ಬ್ಯಾಕ್ಟೀರಿಯಾ ಇಲ್ಲ ಎಂದಾಯಿತು. ಆದರೆ ವಿಚಾರಿಸಿದರೆ, ಅವರು ದಿನಾ ಬೆಳಿಗ್ಗೆ ಏಳುತ್ತಲೇ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರು. ನಮ್ಮ ಕಡೆ ಸುಮ್ನೆ 'ಗ್ಯಾಸ್ ಮಾತ್ರೆ' ಅಂತೀವಲ್ಲ, ಅದೇ. ಕೇಳಿದರೆ "ನಾನು ಯಾವ ಔಷಧಿಯೂ ತಗೊಳ್ತಿಲ್ಲ" ಎನ್ನುವವರೇ ಹೆಚ್ಚು, ಗ್ಯಾಸ್ ಮಾತ್ರೆ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ! ಆ ಮಾತ್ರೆ ಆಮ್ಲವನ್ನು ತಗ್ಗಿಸುತ್ತದೆ. ಆಮ್ಲ ತಗ್ಗಿದರೆ ಬಾಗಿಲು ಮುಚ್ಚುತ್ತದೆ, ಯೂರಿಯಾ ಒಳಗೆ ಹೋಗುವುದಿಲ್ಲ. ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಇಳಿಯುತ್ತದೆ. ಇದ್ದೂ ಇಲ್ಲದ ಹಾಗೆ ಕೂತಿರುತ್ತವೆ. ಡಾಕ್ಟರ ಸಲಹೆಯಂತೆ ಎರಡು ವಾರ ಮಾತ್ರೆ ಬಿಟ್ಟು ಮತ್ತೆ ಊದಿದಾಗ ಇಂಥವರಲ್ಲಿ 12ರಷ್ಟು ಬಂದರೆ ಆಶ್ಚರ್ಯವಿಲ್ಲ.

ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಗೆ ಈ ಮಾತ್ರೆಯ ತೊಂದರೆ ಇಲ್ಲ. ಆದರೆ ಬ್ಯಾಕ್ಟೀರಿಯಾ ಹೋಗಿ ತಿಂಗಳುಗಳಾದರೂ ಅದು 'ಇದೆ' ಎನ್ನುತ್ತಲೇ ಇರುತ್ತದೆ. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಅದು ಪ್ರಯೋಜನವಿಲ್ಲ. ಅದಕ್ಕೆ ಉಸಿರಿನ ಪರೀಕ್ಷೆ ಬೇಕು, ಇಲ್ಲವೇ ಮಲದಲ್ಲಿ ಬ್ಯಾಕ್ಟೀರಿಯಾದ ಅಂಶ ಹುಡುಕುವ ಪರೀಕ್ಷೆ. ಅದೂ ಆ್ಯಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಕಳೆದ ಮೇಲೆ. ಅಳಿದುಳಿದ ಬ್ಯಾಕ್ಟೀರಿಯಾ ಇದ್ದರೆ ಅವು ಮತ್ತೆ ಬೆಳೆದು, ಉಸಿರಿನಲ್ಲಿ ಗೊತ್ತಾಗುವಷ್ಟು ಯೂರಿಯಾ ಒಡೆಯಲು ಅಷ್ಟು ಸಮಯ ಹಿಡಿಯುತ್ತದೆ. ಎರಡನೇ ವಾರಕ್ಕೇ ಊದಿ 'ಇಲ್ಲ' ಎಂದು ಬಂದ ಚೀಟಿಯನ್ನು ವಾಸಿಯಾದ ದಾಖಲೆ ಎಂದು ಎತ್ತಿಡಬೇಡಿ, ಇನ್ನೊಮ್ಮೆ ಊದಬೇಕಾಗುತ್ತದೆ.

ನಮಸ್ಕಾರ.